ಬುಡದಿಂದ ತೆಗೆದ ಲೆಕ್ಕ

ಸುಳ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಶುರು ಮಾಡಿದ ಮೊದಲ ವಾರ, ವಿಭಾಗದ ಮುಖ್ಯಸ್ಥರೇ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಒರಟು ನೆಲದ ಮೇಲೆ ನಿಂತು ಒರಟು ಗೋಡೆಗೆ ಒರಗಿದ ಏಣಿ ಇನ್ನೇನು ಜಾರಲಿದೆ. ಗೋಡೆ ಅದನ್ನು ಎಷ್ಟು ಬಲದಿಂದ ಒತ್ತುತ್ತದೆ? ಇದು ಅಂದಿನ ಲೆಕ್ಕ. ಏಣಿಯ ತೂಕ, ಓರೆ, ಗೋಡೆಯ ಘರ್ಷಣ ಗುಣಾಂಕ ಕೊಟ್ಟಿದ್ದರು. ಗಾಬರಿಯಲ್ಲಿ ನಾನು ಏಣಿಯ ನಟ್ಟನಡುವಿನಿಂದ ಮೊಮೆಂಟ್, ಎಂದರೆ ಪ್ರತಿ ಬಲವೂ ಏಣಿಯನ್ನು ಎಷ್ಟು ತಿರುಗಿಸುತ್ತದೆಂಬ ಲೆಕ್ಕ, ಬರೆದೆ. ಅಲ್ಲೇ ಇಳಿಯುವ ತೂಕ, ಗೊತ್ತಿದ್ದದ್ದು ಅದೊಂದೇ, ಮಾಯವಾಯಿತು. ನೆಲದ ಎರಡು, ಗೋಡೆಯ ಎರಡು, ಗೊತ್ತಿಲ್ಲದ ನಾಲ್ಕೂ ಬಲಗಳು ಉಳಿದವು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: “ಮೇಡಂ, ಬುಡದಿಂದ ತೆಗೆದ್ರೆ ನೆಲದ ಎರಡೂ ಹೋಗುದಿಲ್ವಾ?”

ಹೌದಲ್ಲ! ಅವೆರಡೂ ಬುಡದಲ್ಲೇ ಇರುವುದರಿಂದ ಅಲ್ಲಿಂದ ಅವುಗಳ ಮೊಮೆಂಟ್ ಸೊನ್ನೆ. ಜಾರುವ ಹೊತ್ತಿಗೆ ಗೋಡೆಯ ಘರ್ಷಣೆಯೆಂದರೆ ಗೋಡೆಯ ಒತ್ತುಬಲವನ್ನು ಆ ಗುಣಾಂಕದಿಂದ ಗುಣಿಸಿದಷ್ಟು. ಹಾಗಾಗಿ ಗೊತ್ತಿಲ್ಲದ್ದು ಒಂದೇ ಉಳಿಯಿತು. ಎರಡು ಸಾಲಿನಲ್ಲಿ ಉತ್ತರ ಬಂತು.

ತರಗತಿ ಮುಗಿದ ಮೇಲೆ ಕ್ಷಮೆ ಕೇಳಲು ಹೋದೆ. ಮುಖ್ಯಸ್ಥರು ನಕ್ಕರು. “ಹೆದರುದು ಎಂತಕೆ ಮಾರಾಯ್ರೆ? ಮಕ್ಕಳು ಹೇಳಿದ್ದನ್ನು ಕೇಳ್ತೀರಲ್ಲ, ನನಗೆ ಅಷ್ಟು ಸಾಕು.”

ಸ್ಟಾಫ್ ರೂಮಿಗೆ ಬಂದು ಎರಡು ಲೋಟ ನೀರು ಕುಡಿದೆ.