ಬಿಗಿದಷ್ಟೂ ಉರಿ

ವೈರಿಂಗ್ ಕೆಲಸದ ಏಣಿಯಣ್ಣನಿಗೆ ಬಲತೊಡೆಯ ಹೊರಮೈ ಜೋಮು ಹಿಡಿದು ಉರಿಯುತ್ತಿತ್ತು. ಪ್ಯಾಂಟು ತಾಗಿದರೂ ಕೆಂಡ ಸವರಿದಂತೆ. ಸೊಂಟ ಸಡಿಲಾಗಿದೆಯೆಂದು ತಾನೇ ತೀರ್ಪು ಕೊಟ್ಟುಕೊಂಡು, ಇಕ್ಕಳ ಸುತ್ತಿಗೆ ತೂಗುವ ಬೆಲ್ಟನ್ನು ಇನ್ನಷ್ಟು ಬಿಗಿದ. ಉರಿ ಹೆಚ್ಚಿತು. ಕಾಲು ಸೋತರೆ ಏಣಿ ಹತ್ತುವುದು ಹೇಗೆಂದು ಮಂಕಾಗಿ ಕೂತವನನ್ನು ಹೆಂಡತಿ ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಮಂಡಿ ತಟ್ಟಿದರು, ಕಾಲಿನ ಬಲ ನೋಡಿದರು, ಹತ್ತಿಯಿಂದ ತೊಡೆ ಸವರಿದರು.

“ಲಕ್ವ ಅಲ್ಲ ಕಣಪ್ಪ. ತೊಡೆ ಚರ್ಮಕ್ಕೆ ಹೋಗೋ ನರ ಸೊಂಟದ ಮೂಳೆ ಪಕ್ಕ ಒಂದು ಬಿಗಿ ಪಟ್ಟಿ ಕೆಳಗೆ ನುಸುಳುತ್ತೆ. ನಿನ್ನ ಬೆಲ್ಟು, ಹೊಟ್ಟೆ ಎರಡೂ ಸೇರಿ ಅದನ್ನ ಅಲ್ಲೇ ಅದುಮ್ತಿವೆ.”

“ಕಾಲು ಬಿದ್ದುಹೋಗುತ್ತಾ?”

“ಇಲ್ಲ. ಮುಟ್ಟಿದ್ದು, ಉರಿದದ್ದು ತಿಳಿಸೋದಷ್ಟೇ ಆ ನರದ ಕೆಲಸ. ಕಾಲು ಎತ್ತೋಕೆ ಬೇರೆ ನರಗಳಿವೆ. ಬೆಲ್ಟು ಬಿಡು, ತೂಕ ಇಳಿಸು. ನಿಧಾನಕ್ಕೆ ಕಮ್ಮಿಯಾಗುತ್ತೆ, ಆಗದಿದ್ರೆ ಬಾ.”

“ಹೊಟ್ಟೆ ನನ್ನ ಕೈಗುಣ ಡಾಕ್ಟ್ರೇ,” ಎಂದಳು ಹೆಂಡತಿ, “ಬೆಲ್ಟು ಮಾತ್ರ ಇವರದೇ ಪೊಗರು.”

ಮರುದಿನ ಸಾಮಾನನ್ನು ಹೆಗಲಚೀಲಕ್ಕೆ ತುಂಬಿಕೊಂಡು, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ಏಣಿ ಹತ್ತಿದ.

“ಪ್ಯಾಂಟು ಬಿಟ್ಟು ಏಣಿ ಹಿಡ್ಕೊಳ್ರೀ, ನಾನಲ್ದೆ ಇಲ್ಲಿ ಯಾರೂ ಇಲ್ಲ!” ಎಂದಳು ಕೆಳಗೆ ಏಣಿಗೆ ಆತುಕೊಂಡಿದ್ದ ಹೆಂಡತಿ.

ತೊಡೆ ಇನ್ನೂ ಚುರುಗುಟ್ಟುತ್ತಿತ್ತು. ಕಾಲು ಮಾತ್ರ ಮೆಟ್ಟಿಲು ತಪ್ಪಲಿಲ್ಲ.