ಒಬ್ಬನೇ ಹೋದವನಿಗೆ ರಿಯಾಯಿತಿ ಇಲ್ಲ

ನಾವುಂದದ ಭೋಜನಿಗೆ ಎಡಗಾಲು ಇದ್ದೂ ಇಲ್ಲ. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಹೋದ ಮೇಲೆ ಅದು ಬೆಳೆಯಲಿಲ್ಲ, ಭೋಜ ಬೆಳೆದ. ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಕಂಕುಳಿಗೆ ಕೋಲು ಸಿಕ್ಕಿಸಿಕೊಂಡು ಮುಂಬೈಗೆ ಹೋದ, ಹೋಟೆಲಿನ ಗಲ್ಲಾದಲ್ಲಿ ಕೂತ, ವಾಪಸು ಬಂದು ಹೆದ್ದಾರಿ ಬದಿಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟ. ಇಷ್ಟರಲ್ಲಿ ಎಲ್ಲೂ ಯಾರ ಕೈಯನ್ನೂ ಹಿಡಿಯಲಿಲ್ಲ. ಬಸ್ಸು ಹತ್ತುವಾಗ ಯಾರಾದರೂ ರಟ್ಟೆ ಹಿಡಿದರೆ "ಬಿಡಿ ಮಾರಾಯ್ರೆ, ನಾ ಎಂತ ಮದ್ಮಗ್ಳಾ?" ಎನ್ನುವ ಗಂಡಸು.

ಈ ವರ್ಷ ಮುಂಬೈಯಲ್ಲಿ ತಂಗಿಯ ಮಗಳು ಅನಿಷಾಳ ಮದುವೆ. ಧಾರೆಯ ಹೊತ್ತಿಗೆ ಸೋದರಮಾವ ನಿಲ್ಲದಿದ್ದರೆ ತಂಗಿ ಜೀವಮಾನವಿಡೀ ಆಡಿಕೊಳ್ಳುತ್ತಾಳೆ. ಅಂಗಡಿ ಮಾತ್ರ ಮೊದಲಿನಂತಿಲ್ಲ. ಪೂರ್ತಿ ಟಿಕೆಟ್ ಈ ಸಲ ಕೈಗೆಟುಕದು. ಸರಕಾರ ಕೊಟ್ಟ ನೀಲಿ ಅಂಗವಿಕಲರ ಕಾರ್ಡು ಕಿಸೆಯಲ್ಲಿತ್ತಲ್ಲ, ಅದನ್ನೇ ಹಿಡಿದು ರಿಯಾಯಿತಿ ಕೇಳಲು ರೈಲ್ವೆ ಕೌಂಟರಿಗೆ ಹೋದ.

"ಇದ್ ಆತಿಲ್ಲೆ," ಎಂದ ಒಳಗಿದ್ದ ಗುಮಾಸ್ತ. "ರೈಲ್ವೆದ್ದೇ ನಮೂನೆ ಬೇರೆ ಇತ್ತ್. ಸರ್ಕಾರಿ ಡಾಕ್ಟ್ರ್ ಬರ್ದ್ ಕೊಡ್ಕ್."

"ಅಲ್ಲ ಹ್ವಾಯ್, ಕಾರ್ಡಂಗೆ ಕಾಲ್ ಇಲ್ಲೆ ಅಂದೇಳಿ ಸರ್ಕಾರವೇ ಹೇಳಿತ್ತಲ್ದಾ?"

"ಕಾಲ್ ಇಲ್ಲೆ ಅಂದೇಳಿತ್ತ್. ಒಬ್ರೇ ಹೋಪುಕ್ ಆತಿಲ್ಲೆ ಅಂದೇಳ್ಲಿಲ್ಲೆ. ನಮ್ಗ್ ಅದ್ ಬೇಕ್."

ದೇಶವು ಒಂದೇ ಕಾಲನ್ನು ಎರಡು ಸಲ ಅಳೆಯುತ್ತದೆ. ಒಂದು ಕಚೇರಿ ನಂಬಿದ್ದನ್ನು ಇನ್ನೊಂದು ಕಚೇರಿ ನಂಬಿದರೆ ಅದರ ಮಾನ ಹೋಗುತ್ತದೆ.

ಭೋಜ ಆಸ್ಪತ್ರೆಗೆ ಹೊರಟ. ಕೆಎಸ್ಆರ್‌ಟಿಸಿಯ ಅಂಗವಿಕಲರ ಪಾಸು ಅವನಲ್ಲಿತ್ತು. ಮನೆಯಿಂದ ನೂರು ಕಿಲೋಮೀಟರಿನೊಳಗೆ ಓಡಾಡಬಹುದು. ಓಡಾಡಲು ಸರಕಾರಿ ಬಸ್ಸು ಬರಬೇಕು, ಅಷ್ಟೇ. ಬಂದದ್ದು ಪ್ರೈವೇಟ್. "ಈ ಪಾಸ್ ನಮ್ಮಲ್ ನಡಿತಿಲ್ಲೆ ಭೋಜಣ್ಣ," ಎಂದು ಕಂಡಕ್ಟರ್ ಟಿಕೆಟ್ ಹರಿದ.

ಡಾಕ್ಟರು ಕಾಲು ಪರೀಕ್ಷಿಸಿ, ಪೆನ್ನು ತೆಗೆದು, ಕೇಳಿದರು: "ಯಾರ ಜೊತೆ ಬಂದ್ರಿ?"

ಬಾಯಿ ಮುಚ್ಚಿಕೊಳ್ಳಬೇಕಾದ ಹೊತ್ತು ಅದು. ಭೋಜ ಎದೆ ಉಬ್ಬಿಸಿದ. "ಒಬ್ನೇ ಸರ್! ಬಸ್ಸಂಗೆ ನಿಂತ್ಕಂಡೇ ಬಂದೆ. ಮುಂಬೈಗೂ ಒಬ್ನೇ ಹೋಯ್ ಬಂದವ."

ಪೆನ್ನು ಮುಚ್ಚಿತು. "ಸಹಾಯಕರಿಲ್ಲದೆ ಪ್ರಯಾಣ ಮಾಡಲಾರರು ಅಂತ ನಾನು ಸಹಿ ಹಾಕ್ಬೇಕು. ನೀವೇ ಹೀಗಂದ್ರೆ ಹ್ಯಾಗೆ?"

ಮನೆಯಲ್ಲಿ ಹೆಂಡತಿ ಸರಸ ತಲೆ ಚಚ್ಚಿಕೊಂಡಳು. "ನಿಮ್ಗ್ ಕಾಲ್ ಇಲ್ದಿರೂ ಅಡ್ಡಿಲ್ಲೆ, ಬಾಯಿ ಇದ್ದದ್ದೇ ಉಪದ್ರ. ನಾಳೆ ನಾ ಬತ್ತೆ."

ಸರಸಳಿಗೆ ಬಸ್ಸೆಂದರೆ ಹೊಟ್ಟೆ ತೊಳಸು. ಬ್ರಹ್ಮಾವರದ ಅಕ್ಕನ ಮನೆಯಿಂದ ಆಚೆಗೆ ಹೋದವಳಲ್ಲ. ಮರುದಿನ ಹೆಮ್ಮಾಡಿ ದಾಟುವ ಮೊದಲೇ ವಾಂತಿಗೆಂದು ಹಿಡಿದಿದ್ದ ಪ್ಲಾಸ್ಟಿಕ್ ತೊಟ್ಟೆ ತುಂಬಿತು. ಇಳಿದವಳಿಗೆ ತಲೆ ಗಿರ್ರೆಂದಿತು. ಭೋಜ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹೆಂಡತಿಯನ್ನು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ. ಒಬ್ಬರನ್ನೊಬ್ಬರು ಆತುಕೊಂಡು ಒಳಬಂದ ಜೋಡಿಯನ್ನು ಡಾಕ್ಟರು ಕಣ್ಣಾರೆ ಕಂಡರು. ಯಾರು ಯಾರನ್ನು ಹಿಡಿದಿದ್ದಾರೆಂದು ಕೇಳುವ ಕಾಲಂ ನಮೂನೆಯಲ್ಲಿ ಇಲ್ಲ. ಬರೆದರು, ಸಹಿ ಹಾಕಿದರು. ಮೂವತ್ತೈದು ದಾಟಿದವನಾದ್ದರಿಂದ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆಂದೂ ಹೇಳಿದರು.

ಜೀವನಪರ್ಯಂತ! ಭೋಜ ಆ ಕಾಗದವನ್ನು ದಾರಿಯುದ್ದಕ್ಕೂ ಮಡಚಿಯೇ ಇಟ್ಟ. ಐವತ್ತು ವರ್ಷ ಒಬ್ಬನೇ ನಡೆದದ್ದು ಒಂದು ಸಹಿಯಲ್ಲಿ ಸುಳ್ಳಾಗಿತ್ತು.

ಕೌಂಟರಿನಲ್ಲಿ ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದ. "ಫೋಟೋದ್ ಮೇಲ್ ಸೀಲ್ ಇಲ್ಲೆ. ಸೀಲೂ ಸಹಿಯೂ ಅರ್ಧ ಫೋಟೋಕ್, ಅರ್ಧ ಕಾಗ್ದಕ್ ಬೀಳ್ಕ್. ಇಲ್ದಿರೆ ಬೇರೆಯವ್ರ್ ಫೋಟೋ ಅಂಟ್ಸುಕ್ ಆತಲ್ದಾ?"

"ಫೋಟೋ ಬದ್ಲ್ ಮಾಡೂಕೆ ಆತ್. ಈ ಕಾಲ್ ಎಲ್ಲಿಂದ ತರುದ್ ಹ್ವಾಯ್?"

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತನೂ ನಕ್ಕ. ಸೀಲು ಮಾತ್ರ ನಗುವಿನಿಂದ ಬೀಳಲಿಲ್ಲ. ಪುನಃ ಬಸ್ಸು, ಪುನಃ ಆಸ್ಪತ್ರೆ, ಪುನಃ ಸರಸಳ ತೊಟ್ಟೆ. ಅವಳನ್ನು ಬಿಟ್ಟು ಹೋಗುವ ಧೈರ್ಯ ಭೋಜನಿಗೆ ಇರಲಿಲ್ಲ. ಒಬ್ಬನೇ ಕಂಡರೆ ಬರೆದದ್ದನ್ನೂ ಅಳಿಸಿಯಾರು ಎಂಬ ಭಯ. ಒಂಟಿಯಾಗಿ ಓಡಾಡಲು ಅವನು ಹೆದರಿದ್ದು ಜೀವನದಲ್ಲಿ ಅದೇ ಮೊದಲು.

ಸೀಲು ಬಿತ್ತು. ಜೆರಾಕ್ಸ್ ಕೊಟ್ಟು, ಅಸಲು ತೋರಿಸಿ ಟಿಕೆಟ್ ಸಿಕ್ಕಿತು: ಸ್ಲೀಪರಿನಲ್ಲಿ ಇಬ್ಬರಿಗೂ ಕಾಲು ಪಾಲು ದರ.

ರೈಲು ಬೈಂದೂರು ಬಿಟ್ಟ ಮೇಲೆ ಟಿಕೆಟ್ ಪರೀಕ್ಷಕ ಬಂದ. ಅಸಲು ಪ್ರಮಾಣಪತ್ರ ನೋಡಿದ. ಕೆಳಗಿನ ಬರ್ತಿನಲ್ಲಿ ಸರಸ ಕಣ್ಣು ಮುಚ್ಚಿ ಮಲಗಿದ್ದಳು. ಭೋಜ ಅವಳ ಮೂಗಿನ ಬಳಿ ಲಿಂಬೆ ಹಿಡಿದು, ಬೆನ್ನು ನೀವುತ್ತಿದ್ದ.

"ಇಲ್ಲಿ ಸಹಾಯಕರು ಯಾರು?"

ಸರಸ ಕಣ್ಣು ಬಿಡದೆ ಬೆರಳೆತ್ತಿದಳು. "ನಾನೇ."

ಪರೀಕ್ಷಕ ಭೋಜನ ಮುಖ ನೋಡಿದ.

"ಹೌದ್ ಸರ್," ಎಂದ ಭೋಜ. "ಅವ್ಳ್ ಇಲ್ದಿರೆ ನಂಗೆ ಎಲ್ಲಿಗೂ ಹೋಪುಕ್ ಆತಿಲ್ಲೆ. ಡಾಕ್ಟ್ರೇ ಬರ್ದ್ ಕೊಟ್ಟಿರ್." ಆಮೇಲೆ ಖಾಲಿ ಬಾಟಲಿ ಹಿಡಿದು, ಅವಳಿಗೆ ಬಾಯಿ ತೊಳೆಯಲು ನೀರು ತರಲೆಂದು, ಕುಲುಕುವ ಬೋಗಿಯಲ್ಲಿ ಕೋಲೂರುತ್ತ ಒಬ್ಬನೇ ಹೊರಟ.