ಒಂದು ಮನೆಗೆ ಒಂದೇ ಅಕ್ಷರ

ನಾನು ಮೇಷ್ಟರಾಗಿದ್ದ ಕಾಲದಲ್ಲಿ ಒಂದು ಹುಡುಗಿಯ ಸ್ಲೇಟಿನ ಮೇಲೆ ಮೂರು ಉತ್ತರಗಳಿಗೆ ತಪ್ಪು ಹಾಕಿದೆ. ಆ ಮೂರು ಉತ್ತರಗಳನ್ನು ನಾನು ಸರಿಯಾಗಿ ಓದಿದ್ದರೆ ಅವಳ ಆರು ತಿಂಗಳ ತಮ್ಮ ಬದುಕುವ ಸಾಧ್ಯತೆ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯವರೆಗೂ ಮುಚ್ಚಿಟ್ಟು ಕಥೆ ಕಟ್ಟುವಷ್ಟು ಹುರುಪು ಆಗಲೂ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ.

ಮೊದಲು ನಾನಿದ್ದದ್ದು ಚಳ್ಳಕೆರೆಯಲ್ಲಿ. ನನ್ನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡದ್ದೂ ಅಲ್ಲೇ. ಕೂಸೂ ಉಳಿಯಲಿಲ್ಲ. ಮೊಳಕಾಲ್ಮುರಿಗೆ ವರ್ಗ ಮಾಡಿದರು, ಹೋದೆ. ಬೇರೆ ಎಲ್ಲಿಗೆ ಹಾಕಿದ್ದರೂ ಹೋಗುತ್ತಿದ್ದೆ. ಜನ ಬಂದು ಸಮಾಧಾನ ಹೇಳಿದರೆ ತಲೆಯಾಡಿಸುತ್ತಿದ್ದೆ, ಊಟಕ್ಕೆ ಕರೆದರೆ ಉಣ್ಣುತ್ತಿದ್ದೆ. ದುಃಖ ಅಂತ ಹೇಳಲಾರೆ. ಕೂತು ಕೂತು ಜೋಮು ಹಿಡಿದ ಕಾಲಿನಂತೆ ಇದ್ದೆ, ಅಷ್ಟೆ.

ಆ ದಿನಗಳಲ್ಲಿ ನನಗಿದ್ದ ಒಂದೇ ಕೆಲಸ ಪದಗಳ ಚೌಕ ಕಟ್ಟುವುದು. ಅದನ್ನು ನನಗೆ ಕಲಿಸಿದವರು ಚಳ್ಳಕೆರೆಯಲ್ಲಿದ್ದ ಒಬ್ಬ ಓವರ್‌ಸಿಯರು. ಅವರಿಗೆ ಮದರಾಸಿನಿಂದ ವಾರ ತಡವಾಗಿ ಇಂಗ್ಲಿಷ್ ಪೇಪರು ಬರುತ್ತಿತ್ತು. ಅದರಲ್ಲಿ ಒಂದು ಮೂಲೆಗೆ ಕಪ್ಪು ಬಿಳುಪು ಮನೆಗಳ ಚೌಕ. ಕೆಳಗೆ ಕೊಟ್ಟ ಸುಳಿವು ಓದಿ ಅಡ್ಡಕ್ಕೂ ಉದ್ದಕ್ಕೂ ಪದ ತುಂಬಬೇಕು. ಆಗ ಅದು ಹೊಸ ಹುಚ್ಚು. ಸೇತುವೆ ಲೆಕ್ಕ ಬಿಟ್ಟು ಓವರ್‌ಸಿಯರು ಪೆನ್ಸಿಲು ಕಚ್ಚಿಕೊಂಡು ಕೂತಿರುತ್ತಿದ್ದರು. ನನಗೆ ಅವರಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಒಂದು ಪಾಠ ಮುಗಿದ ಮೇಲೆ ಅದರಲ್ಲಿ ಬಂದ ಪದಗಳನ್ನೇ ಹೀಗೆ ಹೆಣೆದು ಕೊಟ್ಟರೆ ಮಕ್ಕಳಿಗೆ ಪುನರಾವರ್ತನೆ ಆಗುತ್ತದಲ್ಲ ಅನ್ನಿಸಿತು.

ಕನ್ನಡಕ್ಕೆ ತರುವಾಗ ತೊಡಕು ಬಂದದ್ದು ಅಕ್ಷರ ಎಣಿಸುವಲ್ಲಿ. ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರವೂ ಒಂಟಿ. ನಮ್ಮಲ್ಲಿ ಗುಣಿತ ಇದೆ, ಒತ್ತಕ್ಷರ ಇದೆ, ಸೊನ್ನೆ ಇದೆ. ನಾಲ್ಕು ದಿನ ಯೋಚಿಸಿ ಕಾನೂನು ಮಾಡಿದೆ. ಒತ್ತಾಗಲಿ ಸೊನ್ನೆಯಾಗಲಿ ತನ್ನ ಅಕ್ಷರದ ಜೊತೆಗೇ ಒಂದೇ ಮನೆಯಲ್ಲಿರಬೇಕು. ‘ಪ್ಲೇಗು’ ಎರಡು ಮನೆ, ‘ಆಸ್ಪತ್ರೆ’ ಮೂರು ಮನೆ, ‘ಅಂಟು’ ಎರಡು. ಒಂದು ಮನೆಗೆ ಒಂದೇ ಅಕ್ಷರ. ಇದನ್ನು ಮಕ್ಕಳಿಂದ ಮಗ್ಗಿಯ ಹಾಗೆ ಹೇಳಿಸುತ್ತಿದ್ದೆ.

ಕಟ್ಟುವ ಕ್ರಮ ಹೀಗಿತ್ತು. ಪಾಠದಿಂದ ಹತ್ತು ಪದ ಆರಿಸಿಕೊಳ್ಳುವುದು. ಉದ್ದನೆಯದನ್ನು ನಡುವೆ ಮಲಗಿಸಿ, ಅದರ ಅಕ್ಷರ ಹಂಚಿಕೊಳ್ಳುವ ಪದಗಳನ್ನು ಮೇಲಿನಿಂದ ಕೆಳಕ್ಕೆ ಇಳಿಬಿಡುವುದು. ಪದ ಶುರುವಾಗುವ ಮನೆಗೆ ಮಾತ್ರ ಅಂಕಿ. ಒಂದು ಸುಳಿವಿನಲ್ಲಿ ಇನ್ನೊಂದರ ಉತ್ತರ ಬಾಯಿಬಿಡಬಾರದು. ಕರಿಹಲಗೆಯ ಮೇಲೆ ಬೇಡದ ಮನೆಗಳನ್ನು ಸೀಮೆಸುಣ್ಣದಿಂದ ತುಂಬಿಬಿಡುತ್ತಿದ್ದೆ. ಹಾಗಾಗಿ ಪೇಪರಿನಲ್ಲಿ ಕಪ್ಪಾಗಿದ್ದದ್ದು ನಮ್ಮಲ್ಲಿ ಬೆಳ್ಳಗಾಯಿತು. ಮಕ್ಕಳು ಸ್ಲೇಟಿನ ಮೇಲೆ ನಕಲು ಮಾಡಿಕೊಂಡು ತುಂಬುತ್ತಿದ್ದರು.

ಮೊಳಕಾಲ್ಮುರಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮನೆಮಾತು ತೆಲುಗು. ‘ಬಾಯಾರಿದಾಗ ಬೇಕಾದದ್ದು, ಎರಡು ಮನೆ’ ಎಂದು ಕೇಳಿದರೆ ಒಬ್ಬ ಭೂಪ ‘ನೀಳ್ಳು’ ಅಂತ ಬರೆದಿದ್ದ. ಮನೆಗೆ ಸರಿಯಾಗಿಯೇ ಕೂತಿತ್ತು. ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ತಪ್ಪು ಹಾಕಿದೆ. ಪಾಠದಲ್ಲಿರುವ ಪದವೇ ಬೇಕು, ಎಷ್ಟೇ ಚೆನ್ನಾಗಿ ಕೂತರೂ ಬೇರೆಯದು ಬೇಡ ಎನ್ನುವುದು ನನ್ನ ಎರಡನೇ ಕಾನೂನು.

ನಾನು ಹೇಳಹೊರಟ ಹುಡುಗಿ ಊರಾಚೆಯ ಹಟ್ಟಿಯವಳು, ಹತ್ತು ವರ್ಷದವಳಿರಬಹುದು. ಬೇಸಾಯದ ಮನೆ, ಕನ್ನಡ ಮಾತು. ಅವ್ವ ಹೊಲಕ್ಕೆ ಹೋದ ದಿನ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಬರುತ್ತಿದ್ದಳು. ಬಾಗಿಲ ಪಕ್ಕ ಗೋಣಿತಾಟು ಹಾಸಿ ಮಲಗಿಸುತ್ತಿದ್ದಳು. ಅವನು ಅಳುವ ಕೂಸಲ್ಲ. ನನ್ನ ಕಡೆ ಮುಖ ತಿರುಗಿಸಿ ಬಾಯಿ ಅಗಲಿಸಿ ನಗುತ್ತಿದ್ದ. ನಾನು ಆ ಕಡೆ ನೋಡುತ್ತಿರಲಿಲ್ಲ. ಕೂಸುಗಳನ್ನು ನೋಡುವುದನ್ನು ಬಿಟ್ಟು ಆಗಲೇ ವರ್ಷವಾಗಿತ್ತು.

ಆ ವರ್ಷ ಬೇಸಗೆ ಶುರುವಿಗೆ ಸುತ್ತಲಿನ ಹಳ್ಳಿಗಳಲ್ಲಿ ಮೈಲಿ ಬೇನೆ, ಅಂದರೆ ಸಿಡುಬು, ಕಾಣಿಸಿಕೊಂಡಿತು. ಒಂದು ಸೋಮವಾರ ಅದು ಬಾರದಂತೆ ದಾಕು ಹಾಕುವವರೊಬ್ಬರು ಬಂದು ಚಾವಡಿಯಲ್ಲಿ ಇಳಿದುಕೊಂಡರು. ಗುರುವಾರದವರೆಗೆ ಇರುವುದಾಗಿ ಡಂಗುರ ಸಾರಿಸಿದರು. ಶಾಲೆಯ ಮಕ್ಕಳ ತೋಳು ನೋಡಿ, ಕಲೆ ಇಲ್ಲದವರಿಗೆ ಗೀರಿ ದಾಕು ಹಾಕಿದರು. ಆ ಹುಡುಗಿಗೆ ಹಿಂದೆಯೇ ಹಾಕಿಸಿತ್ತು. ಹೊರಡುವಾಗ ಅವರು ನನಗೆ ಹೇಳಿದರು, “ನೋಡ್ರಿ ಮೇಷ್ಟ್ರೆ, ಹಟ್ಟಿ ಕಡೆಯೋರು ಕೂಸುಗಳ್ನ ಕರ್ಕೊಂಡು ಬರೋದೇ ಇಲ್ಲ. ಯಾರ ಮನೇಲಾದ್ರೂ ಬೇನೆ ಐತೆ ಅಂತ ಸುಳಿವು ಸಿಕ್ರೆ ನಂಗೆ ತಿಳಿಸ್ರಿ. ಅದೇ ಮನೆಗೆ ಹೋಗಿ ಉಳಿದೋರಿಗೆಲ್ಲ ಬೇಗ ಹಾಕಿಬಿಟ್ರೆ ಉಳೀತಾರೆ. ತಡ ಆದ್ರೆ ಹಾಕಿದ್ರೂ ದಂಡ.” ನಾನು ಆಗಲಿ ಅಂದೆ.

ಆಗ ನಾವು ಓದುತ್ತಿದ್ದದ್ದು ಆರೋಗ್ಯದ ಪುಸ್ತಕದ ಅಂಟುರೋಗಗಳ ಪಾಠ. ಮಂಗಳವಾರ ಪಾಠ ಮುಗಿಯಿತು, ಬುಧವಾರ ಬೆಳಿಗ್ಗೆ ಹಲಗೆಯ ಮೇಲೆ ಚೌಕ ಹಾಕಿದೆ. ಅಡ್ಡ ಒಂದು: ‘ಮೈಮೇಲೆ ಬೊಕ್ಕೆ ಏಳುವ ಅಂಟುರೋಗ, ಎರಡು ಮನೆ’. ಉತ್ತರ ಮೈಲಿ. ಅದರ ‘ಲಿ’ಯನ್ನು ‘ಪ್ಲೇಗನ್ನು ಹರಡುವ ಪ್ರಾಣಿ’ಯಾದ ಇಲಿಗೆ ಮೇಲಿನಿಂದ ಹೊಂದಿಸಿದ್ದೆ. ಅಡ್ಡ ನಾಲ್ಕು: ‘ಅಡ್ಡ ಒಂದರ ರೋಗ ಬಾರದಂತೆ ತಡೆಯುವುದು, ಎರಡು ಮನೆ’. ಉತ್ತರ ದಾಕು. ಅದರ ‘ಕು’ವಿನಿಂದ ಕೆಳಕ್ಕೆ ‘ಕುದಿಸು’. ಅಡ್ಡ ಆರು: ‘ಈ ರೋಗ ಬಂದವರನ್ನು ಇರಿಸುವ ಜಾಗ, ಮೂರು ಮನೆ’. ಉತ್ತರ ಆಸ್ಪತ್ರೆ. ಒಳ್ಳೆಯ ಚೌಕ ಅದು. ಎಲ್ಲಿಯೂ ಬಲವಂತವಿರಲಿಲ್ಲ.

ಸ್ಲೇಟುಗಳು ಮೇಜಿನ ಮೇಲೆ ಬಂದವು. ಆ ಹುಡುಗಿ ಅಡ್ಡ ಒಂದಕ್ಕೆ ‘ಅಮ್ಮ’ ಎಂದು ಬರೆದಿದ್ದಳು. ಆ ಸೀಮೆಯಲ್ಲಿ ಹೆತ್ತವಳು ಅವ್ವ. ಅಮ್ಮ ಅಂದರೆ ದೇವಿ, ದೇವಿ ಅಂದರೆ ಆ ಬೇನೆ. ಆದರೆ ಇಲಿ ಅವಳಿಗೆ ಗೊತ್ತಿತ್ತು. ಬಿಡಲಾರದೆ ಆ ಮನೆಯಲ್ಲಿ ‘ಮ್ಮ’ದ ಕೆಳಗೆ ಚಿಕ್ಕದಾಗಿ ‘ಲಿ’ಯನ್ನೂ ತುರುಕಿದ್ದಳು. ಅಡ್ಡ ನಾಲ್ಕಕ್ಕೆ ‘ಬೇವು’. ಅಲ್ಲಿಯೂ ‘ವು’ ಮತ್ತು ‘ಕು’ ಒಂದರ ಮೇಲೊಂದು ಕೂತಿದ್ದವು. ಅಡ್ಡ ಆರಕ್ಕೆ ‘ಕೊಟ್ಟಿಗೆ’.

ನನಗೆ ಸಿಟ್ಟು ಬಂತು. ಮಕ್ಕಳು ತಪ್ಪು ಬರೆದರೆ ಸಹಿಸುತ್ತಿದ್ದೆ, ಕಾನೂನು ಮುರಿದರೆ ಸಹಿಸುತ್ತಿರಲಿಲ್ಲ. ಮೂರು ಉತ್ತರ ತಪ್ಪು, ಎರಡು ಮನೆಗಳಲ್ಲಿ ಜೋಡಿ ಅಕ್ಷರ. ಹತ್ತಕ್ಕೆ ಐದು ಕೊಟ್ಟೆ. ಅವಳನ್ನು ಎದುರಿಗೆ ಕರೆದು ನಿಲ್ಲಿಸಿದೆ.

“ಬೇವು ಎಲ್ಲಿದೆ ಪಾಠದಲ್ಲಿ?”

“ಪಾಠದಾಗೆ ಇಲ್ಲ ಸಾ. ಮನೆಯಾಗೆ ಐತೆ.”

“ಕೊಟ್ಟಿಗೆ?”

“ಅದೂ ಮನೆಯಾಗೇ ಸಾ.”

“ಮನೇದು ಯಾರು ಕೇಳಿದ್ರು? ಪಾಠದ್ದು ಬರಿ,” ಎಂದೆ. ಹಿಂದಿನ ಸಾಲಿನವರು ಕಿಸಿಕಿಸಿ ನಕ್ಕರು. ಅವಳು ಸ್ಲೇಟು ತೆಗೆದುಕೊಂಡು ಹೋಗಿ, ಒದ್ದೆ ಬಟ್ಟೆಯಿಂದ ಒರೆಸಿ, ಪುಸ್ತಕ ನೋಡಿಕೊಂಡು ಸರಿ ಉತ್ತರಗಳನ್ನು ಬರೆದಳು. ಅಂದು ಅವಳ ಸೊಂಟದ ಮೇಲೆ ತಮ್ಮ ಇರಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಗಮನಿಸಿ ಮುಂದಿನ ಸ್ಲೇಟು ಎತ್ತಿಕೊಂಡೆ.

ಗುರುವಾರ ಮಧ್ಯಾಹ್ನ ದಾಕಿನವರು ಗಾಡಿ ಕಟ್ಟಿಸಿಕೊಂಡು ಹೊರಟುಹೋದರು. ಹೋಗುವಾಗ ಶಾಲೆಯ ಮುಂದೆ ನಿಲ್ಲಿಸಿ, “ಏನಾದ್ರೂ ಸುಳಿವು ಸಿಕ್ತಾ?” ಎಂದು ಕೇಳಿದರು. ಇಲ್ಲ ಅಂದೆ. ಅಂದು ಅದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ.

ಶುಕ್ರವಾರದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಮೂರು ನಾಲ್ಕು ವಾರ ಕಳೆದ ಮೇಲೆ ಸುದ್ದಿ ಬಂತು. ಬೇನೆ ಮೊದಲು ಅಜ್ಜಿಗೆ ಬಂದಿತ್ತು. ಸರ್ಕಾರದವರು ಹೊತ್ತುಕೊಂಡು ಹೋಗುತ್ತಾರೆಂದು ಹೆದರಿ ಅವಳನ್ನು ಕೊಟ್ಟಿಗೆಯಲ್ಲಿ ಮಲಗಿಸಿ, ಸುತ್ತ ಬೇವಿನ ಸೊಪ್ಪು ಕಟ್ಟಿದ್ದರು. ನಾನು ಚೌಕ ಕೊಟ್ಟ ದಿನಕ್ಕೆ ಅಜ್ಜಿಗೆ ಬೊಕ್ಕೆ ಎದ್ದು ಎರಡೇ ದಿನವಾಗಿತ್ತು. ಕೂಸು ಆಗ ಚೆನ್ನಾಗಿಯೇ ಇತ್ತು. ದಾಕಿನವರು ಫರ್ಲಾಂಗು ದೂರದ ಚಾವಡಿಯಲ್ಲಿ ಕೂತು ಬೀಡಿ ಸೇದುತ್ತಿದ್ದರು. ಅಜ್ಜಿ ಹೇಗೋ ಬದುಕಿಕೊಂಡಳು, ಕೂಸು ಹೋಯಿತು.

ಸುದ್ದಿ ಕೇಳಿದಾಗ ನಾನು ಭೂಗೋಳದ ಪಾಠಕ್ಕೆ ಚೌಕ ಹಾಕುತ್ತಿದ್ದೆ. ನದಿಗಳ ಹೆಸರು. ಕೈ ನಿಲ್ಲಲಿಲ್ಲ, ಚೌಕ ಮುಗಿಸಿದೆ. ಮುಗಿಸಿದ ಮೇಲೆ ಆ ಮೂರು ಉತ್ತರಗಳು ಮೇಲಿಂದ ಕೆಳಗೆ ನೆನಪಾದವು. ಅಮ್ಮ, ಬೇವು, ಕೊಟ್ಟಿಗೆ. ಆಗಲಾದರೂ ಅಳು ಬರಬೇಕಿತ್ತು. ಬರಲಿಲ್ಲ. ನಾಚಿಕೆ ಮಾತ್ರ ಬಂತು, ಅದೂ ತಡವಾಗಿ.

ಇನ್ನೂ ಕೆಲವು ದಿನ ಬಿಟ್ಟು ಹುಡುಗಿ ಶಾಲೆಗೆ ಬಂದಳು. ಬಾಗಿಲ ಪಕ್ಕ ನೋಡದೆ ತನ್ನ ಜಾಗಕ್ಕೆ ಹೋಗಿ ಕೂತಳು. ಅದೇ ವಾರ ದಾಕಿನವರು ಮತ್ತೆ ಬಂದರು. ಅವರ ಮೇಲಿನವರು ಆ ಸಾವಿನ ಬಗ್ಗೆ ವಿವರ ಕೇಳಿದ್ದರಂತೆ. ಪುಸ್ತಕ ಬಿಚ್ಚಿ, ಮಸಿ ಅದ್ದಿ, ತರಗತಿಯ ಎದುರಿಗೇ ನನ್ನನ್ನು ಕೇಳಿದರು.

“ಆ ಮನೆ ಹುಡುಗಿ ನಿಮ್ ಶಾಲೇಲೇ ಓದ್ತಾಳಂತಲ್ಲ ಮೇಷ್ಟ್ರೆ. ಮುಂಚೆ ಏನೂ ತಿಳೀಲಿಲ್ವಾ?”

“ಇಲ್ಲ,” ಎಂದೆ. “ಯಾರೂ ಹೇಳಲಿಲ್ಲ.”

ಅವರು ಹಾಗೆಯೇ ಬರೆದುಕೊಂಡರು. ಆಮೇಲೆ ಹುಡುಗಿಯ ಕಡೆ ತಿರುಗಿ ಮೆತ್ತಗೆ ಕೇಳಿದರು, “ನೀನಾದ್ರೂ ಮೇಷ್ಟ್ರಿಗೆ ಒಂದ್ ಮಾತು ಹೇಳ್ಬಾರ್ದಿತ್ತೇನವ್ವ?”

ಅವಳು ಎದ್ದು ನಿಂತು ಕೈಕಟ್ಟಿಕೊಂಡಳು. ನನ್ನನ್ನು ದೂರುವ ದನಿ ಅದಾಗಿರಲಿಲ್ಲ. ತನ್ನ ತಪ್ಪು ಒಪ್ಪಿಕೊಳ್ಳುವವಳ ಹಾಗೆ ಹೇಳಿದಳು.

“ಬರ್ದಿದ್ದೆ ಸಾ. ತಪ್ಪಾಗಿತ್ತು.”

ದಾಕಿನವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನಾನು ಅವಳಿಗೆ ಕೂತುಕೋ ಎಂದೆ.